ಜೂನ್ ತಿಂಗಳ ದೀರ್ಘ ರಾತ್ರಿ

ಮೆಲ್ಬರ್ನಿನಲ್ಲಿ ಮಗಳ ಮನೆಗೆ ಹೋಗಿದ್ದಾಗ, ಪಕ್ಕದ ಮನೆಯಾಕೆ ಜೂನ್ 21ರಂದು ‘ಯೂಲ್’ ಹಬ್ಬಕ್ಕೆ ಕರೆದರು. ಭೂಮಿ, ಋತುಗಳನ್ನೇ ದೈವವೆಂದು ನಂಬುವವರು ಅವರು. ವರ್ಷವನ್ನು ಚಕ್ರವೆಂದು ತಿಳಿದು ಎಂಟು ಹಬ್ಬ ಮಾಡುತ್ತಾರೆ. ಯೂಲ್ ಡಿಸೆಂಬರಿನದೆಂದು ಓದಿದ್ದೆ. ಬ್ಯಾಂಕ್ ಗುಮಾಸ್ತನ ಬುದ್ಧಿ ನೋಡಿ, “ತಾರೀಖು ತಪ್ಪಿದೆಯಲ್ಲ?” ಎಂದೆ.

ಆಕೆ ನಕ್ಕರು. “ಈ ಚಕ್ರ ರೂಪುಗೊಂಡದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಡಿಸೆಂಬರ್ ಚಳಿಗಾಲ, ಇಲ್ಲಿ ಬೇಸಿಗೆ. ಅಲ್ಲಿನ ತಾರೀಖನ್ನೇ ಹಿಡಿದರೆ ಎಲೆ ಉದುರುವಾಗ ವಸಂತದ ಹಬ್ಬ ಮಾಡಬೇಕಾಗುತ್ತದೆ! ಅದಕ್ಕೇ ಆರು ತಿಂಗಳು ಸರಿಸಿಕೊಂಡಿದ್ದೇವೆ.”

ಆ ಸಂಜೆ ಬೇಗನೆ ಕತ್ತಲಾಯಿತು. ದೀಪಗಳನ್ನೆಲ್ಲ ಆರಿಸಿ ಸುತ್ತ ಕುಳಿತೆವು. ಸ್ವಲ್ಪ ಹೊತ್ತು ಮೌನ. ಆಮೇಲೆ ಆಕೆ ಒಂದು ಮೇಣದ ಬತ್ತಿ ಹಚ್ಚಿದರು. ಅದರಿಂದ ಒಬ್ಬೊಬ್ಬರೂ ತಮ್ಮ ಬತ್ತಿ ಹಚ್ಚಿಕೊಂಡು, ಆ ವರ್ಷ ಅಗಲಿದವರನ್ನು ನೆನೆಯಬೇಕು. ಅಷ್ಟೇ ಪೂಜೆ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಮೊಮ್ಮಗಳು ಮೆಲ್ಲಗೆ “ಅಜ್ಜಿ” ಎಂದಳು. ಎಂಟು ತಿಂಗಳಿಂದ ನಮ್ಮಲ್ಲಿ ಯಾರೂ ಅವಳ ಮಾತೆತ್ತಿರಲಿಲ್ಲ.

ಮರುದಿನ ಏಳೂಮುಕ್ಕಾಲಿಗೆ ಮೋಡದ ಸಂದಿಯಲ್ಲಿ ಸೂರ್ಯ ಕಂಡ.

“ಇನ್ನು ಹಗಲು ಬೆಳೆಯುತ್ತೆ ಅಲ್ವಾ, ತಾತ?”

“ಹೂಂ ಪುಟ್ಟಿ, ಮೊದಮೊದಲು ದಿನಕ್ಕೆ ಕೆಲವೇ ಸೆಕೆಂಡು” ಎಂದೆ.