ಕ ಸ ತ ನ ಹ ಮ ಯ ರ ವ

ಸೆಪ್ಟೆಂಬರ್ 8, 2025, ಸೋಮವಾರ

ಡಿಸೆಂಬರ್ 7ಕ್ಕೆ ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ, ಎನ್5. ಎಲ್ಲಕ್ಕಿಂತ ಕೆಳಗಿನ ಹಂತ. ಹಿರಗಾನ ಚಾರ್ಟನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ಮೂಲಾಕ್ಷರ 46. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ನೋಡುತ್ತ ನಿಂತರೆ ನಮ್ಮದೇ ವರ್ಣಮಾಲೆಯ ಸಾಲು! ಸಂಸ್ಕೃತ ಓದಿದ ಬೌದ್ಧ ಭಿಕ್ಷುಗಳ ಮೂಲಕ ಹೋದ ಕ್ರಮವಂತೆ. ಚ ಇರಬೇಕಾದ ಕಡೆ ಸ ಇದೆ, ಪ ಇರಬೇಕಾದ ಕಡೆ ಹ. ಮಿಕ್ಕದ್ದನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಸೆಪ್ಟೆಂಬರ್ 10, ರಾತ್ರಿ

ಕ ಮೇಲೆ ಎರಡು ಸಣ್ಣ ಗೀರು ಹಾಕಿದರೆ ಗ. ತ ಹಾಗೇ ದ ಆಗುತ್ತದೆ. ಸರಿ. ಆದರೆ ಹ ಮೇಲೆ ಗೀರು ಹಾಕಿದರೆ ಬ, ಸೊನ್ನೆ ಹಾಕಿದರೆ ಪ. ಇದೇಕೆ? ಕೆಳಗಿನ ಮನೆಯ ಮೇಷ್ಟ್ರು ಕನ್ನಡ ಪಾಠ ಹೇಳಿ ರಿಟೈರ್ ಆದವರು. ಕೇಳಿದ ತಕ್ಷಣ, “ಪಾಲು ಹಾಲಾಯ್ತು, ಪಾವು ಹಾವಾಯ್ತು, ಅವರಲ್ಲೂ ಹಾಗೇ ಆಗಿರ್ಬೇಕು ಕಣಮ್ಮ” ಅಂದರು. ಪುಸ್ತಕ ತೆಗೆದು ನೋಡಿದೆ. ನಿಜ, ಜಪಾನಿಯಲ್ಲೂ ಹಿಂದೆ ಅದು ಪಕಾರವೇ. ಇನ್ನು ಆ ಸಾಲು ಮರೆಯುವುದಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಸಾಲಾಗಿ ಹೇಳುವುದು ಬೇರೆ, ಗುರುತು ಹಿಡಿಯುವುದು ಬೇರೆ. ರಟ್ಟಿನ ಚೀಟಿ ಮಾಡಿ ಕಲಸಿಟ್ಟುಕೊಂಡು, ವಿಜಯನಗರದಿಂದ ಕೆಂಗೇರಿವರೆಗೆ ಮೆಟ್ರೋದಲ್ಲಿ ಒಂದೊಂದೇ ತಿರುಗಿಸುತ್ತೇನೆ. ಯೋಚಿಸಬೇಕಾಗಿ ಬಂದ ಚೀಟಿ ಬೇರೆ ಜೇಬಿಗೆ, ಸಂಜೆ ಬರುವಾಗ ಅವು ಮಾತ್ರ. ಆ ಜೇಬಲ್ಲಿ ಉಳಿಯುವವು ಯಾವಾಗಲೂ ಅವೇ. ನೆ, ರೆ, ವ ಮೂರರ ಎಡಭಾಗ ಒಂದೇ ಥರ, ಬಾಲ ಮಾತ್ರ ಬೇರೆ: ನೆ ಕುಣಿಕೆಯಾಗಿ ಮುಗಿಯುತ್ತದೆ, ರೆ ಹೊರಕ್ಕೆ ಚಾಚುತ್ತದೆ, ವ ಒಳಕ್ಕೆ ಬಾಗುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆ ಕಣ್ಣು ಬಾಲಕ್ಕೇ ಹೋಗುತ್ತದೆ.

ಅಕ್ಟೋಬರ್ 2, ವಿಜಯದಶಮಿ

ಮೇಷ್ಟ್ರ ಮೊಮ್ಮಗನಿಗೆ ಇವತ್ತು ಅಕ್ಷರಾಭ್ಯಾಸ. ನನಗೆ ಕತಕಾನ. ಹೊರಗಿಂದ ಬಂದ ಪದಗಳಿಗೆ ಬಳಸುವ ಅಕ್ಷರ, ಎಲ್ಲ ನೆಟ್ಟಗೆ, ಮೂಲೆ ಮೂಲೆ. ಶಿ ಮತ್ತು ತ್ಸು ನಮ್ಮ ಇಡೀ ಜಪಾನಿ ಕ್ಲಾಸನ್ನು ಕಾಡುತ್ತವೆ. ಎರಡರಲ್ಲೂ ಎರಡು ಸಣ್ಣ ಗೀರು, ಒಂದು ಉದ್ದ ಗೀರು. ಬರೆದು ನೋಡಿದರಷ್ಟೇ ವ್ಯತ್ಯಾಸ. ಶಿಯಲ್ಲಿ ಸಣ್ಣ ಗೀರುಗಳು ಎಡಗಡೆ ಒಂದರ ಕೆಳಗೊಂದು, ಉದ್ದದ್ದು ಕೆಳಗಿಂದ ಮೇಲಕ್ಕೆ. ತ್ಸುವಿನಲ್ಲಿ ಅವು ಮೇಲೆ ಪಕ್ಕಪಕ್ಕ, ಉದ್ದದ್ದು ಮೇಲಿಂದ ಕೆಳಕ್ಕೆ. ನ್ ಮತ್ತು ಸೊ ಕೂಡ ಇದೇ ರೀತಿ, ಸಣ್ಣ ಗೀರು ಒಂದು ಕಡಿಮೆ.

ಪರೀಕ್ಷೆಯಲ್ಲಿ ಕೈಯಲ್ಲಿ ಬರೆಯುವುದೇ ಇಲ್ಲ, ಎಲ್ಲ ಆಯ್ಕೆಯ ಪ್ರಶ್ನೆ. ಹಾಗಾದರೆ ಬರೆದು ಬರೆದು ಪುಸ್ತಕ ತುಂಬಿಸುವುದು ಯಾಕೆ? ಗೊಂದಲವಿರುವ ಅಕ್ಷರ ಮಾತ್ರ ಬರೆಯೋಣ ಅಂದುಕೊಂಡಿದ್ದೇನೆ. ಸಾಕಾಗುತ್ತದೋ ಇಲ್ಲವೋ.

ಅಕ್ಟೋಬರ್ 12, ಭಾನುವಾರ

ಓಬಸಾನ್ ಅಂದರೆ ಚಿಕ್ಕಮ್ಮ ಎಂದು ಕ್ಲಾಸಲ್ಲಿ ಒಬ್ಬರು ಓದಿದರು. ಅಲ್ಲ, ಒಬಸಾನ್. ಬ ದೀರ್ಘವಾದರೆ, ಒಬಾಸಾನ್, ಅಜ್ಜಿ. ಕಿತೆ ‘ಬಂದು’, ಕಿತ್ತೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರಿಗೆ ದೀರ್ಘ ತಪ್ಪಿಹೋಗುತ್ತದೆ. ಕನ್ನಡದಲ್ಲಿ ದೀರ್ಘವೂ ಇದೆ, ಒತ್ತೂ ಇದೆ. ಹೊಸ ಪದ ಬಂದಾಗ ಮೊದಲು ಕನ್ನಡದಲ್ಲಿ ಬರೆದು ಬಾಯಲ್ಲಿ ಹೇಳುತ್ತೇನೆ, ಆಮೇಲೆ ಅದನ್ನು ಹೊಡೆದು ಹಾಕಿ ಹಿರಗಾನದಲ್ಲಿ ಬರೆಯುತ್ತೇನೆ. ಕನ್ನಡ ಉಳಿಸಿಕೊಂಡರೆ ಕಣ್ಣು ಅದನ್ನೇ ಓದುತ್ತದೆ.

ಅಕ್ಟೋಬರ್ 26

ಕಂಜಿ. ಎನ್5ಕ್ಕೆ ಸುಮಾರು ನೂರು ಅನ್ನುತ್ತಾರೆ, 2010ರಿಂದ ಅಧಿಕೃತ ಪಟ್ಟಿ ಇಲ್ಲ. ಬೇಸರದ ದಿನ. ಸೂರ್ಯನ ಅಕ್ಷರ ಒಂದೇ, ಆದರೆ ಭಾನುವಾರ ಅನ್ನುವ ನಿಚಿಯೋಬಿಯಲ್ಲಿ ಅದು ಎರಡು ಸಲ ಬರುತ್ತದೆ. ಮೊದಲು ನಿಚಿ, ಕೊನೆಗೆ ಬಿ. ಒಂದೊಂದು ಅಕ್ಷರಕ್ಕೂ ಉಚ್ಚಾರಗಳ ಪಟ್ಟಿ ಕಲಿಯುವುದು ನನ್ನಿಂದ ಆಗದು. ಪಟ್ಟಿ ಬಿಟ್ಟೆ. ಇನ್ನು ಪದವನ್ನೇ ಕಲಿಯುವುದು.

ನವೆಂಬರ್ 16, ಭಾನುವಾರ

ಹಳೆಯ ಮಾದರಿ ಪ್ರಶ್ನೆ. ವಾಕ್ಯದಲ್ಲಿ ‘ಶಾಲೆ’ ಎಂಬ ಎರಡು ಕಂಜಿಗೆ ಗೆರೆ, ಕೆಳಗೆ ಹಿರಗಾನದಲ್ಲಿ ನಾಲ್ಕು ಉತ್ತರ: ಗಕೊ, ಗಕೋ, ಗಕ್ಕೊ, ಗಕ್ಕೋ. ಅರ್ಥ ಗೊತ್ತಿದ್ದರೆ ಸಾಲದು! ಒತ್ತು ಬೇಕು, ದೀರ್ಘವೂ ಬೇಕು. ಒತ್ತಿಗೆ ಸಣ್ಣ ತ್ಸು, ದೀರ್ಘಕ್ಕೆ ಕೊ ಮುಂದೆ ಉ. ಬಾಯಲ್ಲಿ ಒಮ್ಮೆ ಗಕ್ಕೋ ಅಂದೆ, ಉತ್ತರ ಸಿಕ್ಕಿತು. ಅವತ್ತು ಕನ್ನಡದಲ್ಲಿ ಬರೆದು ಹೊಡೆದು ಹಾಕಿದ್ದು ಇಲ್ಲಿ ಕೈಹಿಡಿಯಿತು. ತುಂಬಾ ಖುಷಿ.

ನವೆಂಬರ್ 23

‘ಮನುಷ್ಯ’ ಮತ್ತು ‘ಒಳಗೆ ಹೋಗು’ ಇವತ್ತೂ ಪಕ್ಕದ ಜೇಬಿಗೇ ಹೋದವು. ಎರಡೂ ಎರಡೇ ಗೆರೆ. ಬರೆದು ನೋಡಿದೆ. ಒಳಗೆ ಹೋಗುವುದರಲ್ಲಿ ಬಲಗೆರೆ ಮೇಲ್ತುದಿಯಲ್ಲಿ ಎಡಕ್ಕೆ ಚಾಚಿಕೊಂಡಿರುತ್ತದೆ. ಎಲ್ಲ ಕಂಜಿಯನ್ನೂ ಬರೆಯಬೇಕಿತ್ತೇನೋ. ಈಗ ಹೊತ್ತಿಲ್ಲ.

ಡಿಸೆಂಬರ್ 6, ಶನಿವಾರ

ಹಾಲ್ ಟಿಕೆಟ್, ಪೆನ್ಸಿಲ್, ರಬ್ಬರ್ ಚೀಲದಲ್ಲಿದೆ. ಅಕ್ಷರದ ಬಗ್ಗೆ ಭಯವಿಲ್ಲ. ಕಂಜಿ ಅರೆಬರೆ. ಕೇಳುವ ಭಾಗ 30 ನಿಮಿಷ, ಅದರ ಅಭ್ಯಾಸಕ್ಕೆ ನಾನು ಕೊಟ್ಟ ಸಮಯ ಕಡಿಮೆಯೇ. ಪಾಸಾಗಲು 180ಕ್ಕೆ 80 ಬೇಕು. ಕೇಳುವುದರಲ್ಲಿ 60ಕ್ಕೆ 19 ಬರದಿದ್ದರೆ ಒಟ್ಟು ಎಷ್ಟು ಬಂದರೂ ಫೇಲು.