ಬಾಣ ಎಲ್ಲಿಂದ ಹೊರಡುತ್ತೆ?

ನನ್ನ ಚಿಕ್ಕಮ್ಮನ ಮಗ ಹನ್ನೆರಡನೇ ಕ್ಲಾಸು. ಕೆಮಿಸ್ಟ್ರಿ ಪುಸ್ತಕದ ಒಂದು ಪುಟದ ಫೋಟೋ ಕಳಿಸಿ, "ಅಕ್ಕಾ, ಸೋಮವಾರ ಟೆಸ್ಟು. ಇದನ್ನ ಚಿತ್ರದ ಥರ ಬಾಯಿಪಾಠ ಮಾಡ್ತಾ ಇದೀನಿ" ಅಂದ. ಪುಟದಲ್ಲಿದ್ದದ್ದು ಒಂದೇ ರಿಯಾಕ್ಷನ್. 2-ಬ್ರೋಮೋಆಕ್ಟೇನ್‌ಗೆ OH⁻ ಬಂದು ಸೇರುತ್ತೆ, Br⁻ ಬಿಟ್ಟು ಹೋಗುತ್ತೆ, ಆಕ್ಟಾನ್-2-ಆಲ್ ಉಳಿಯುತ್ತೆ. ಚಿತ್ರ ಬಾಯಿಪಾಠ ಮಾಡಿದವನಿಗೆ ಬ್ರೋಮಿನ್ ಜಾಗದಲ್ಲಿ ಕ್ಲೋರಿನ್ ಕೊಟ್ಟರೆ ಕಥೆ ಮುಗೀತು. ಅದಕ್ಕೆ ಫೋನಿನಲ್ಲೇ ಒಂದೊಂದು ಗೆರೆ ಓದೋಕೆ ಶುರು ಮಾಡಿದೆವು.

ಅವನ ಮೊದಲ ಪ್ರಶ್ನೆ: "ಕಾರ್ಬನ್ ಎಲ್ಲಿದೆ? ಬರೀ ಅಂಕುಡೊಂಕು ಗೆರೆ ಇದೆಯಲ್ಲ?"

ಚುಕ್ಕಿ ಅಳಿಸಿಬಿಟ್ಟ ರಂಗೋಲಿ ಅಂದುಕೋ ಅಂದೆ. ಗೆರೆ ತಿರುಗೋ ಪ್ರತಿ ಮೂಲೆ ಒಂದು ಕಾರ್ಬನ್, ಖಾಲಿ ಇರೋ ಪ್ರತಿ ತುದಿನೂ ಒಂದು ಕಾರ್ಬನ್. ಅವನು ಎಣಿಸಿ "ಒಂಬತ್ತು" ಅಂದ. Br ಅಂತ ಬರೆದಿರೋ ತುದಿಯನ್ನೂ ಸೇರಿಸಿಕೊಂಡಿದ್ದ. ತುದಿಯಲ್ಲಿ ಅಕ್ಷರ ಇದ್ದರೆ ಅಲ್ಲಿರೋದು ಆ ಅಕ್ಷರದ ಪರಮಾಣುವೇ, ಕಾರ್ಬನ್ ಅಲ್ಲ. ಹಾಗಾಗಿ ಎಂಟು. ಇನ್ನು ಹೈಡ್ರೋಜನ್. ಕಾರ್ಬನ್‌ಗೆ ನಾಲ್ಕು ಬಾಂಡ್ ಇರಬೇಕು, ಕಾಣದೆ ಇರೋದೆಲ್ಲ ಹೈಡ್ರೋಜನ್. ಎರಡು ತುದಿಗಳಿಗೆ ಮೂರು ಮೂರು, Br ಹಿಡಿದಿರೋ ಕಾರ್ಬನ್‌ಗೆ ಒಂದು, ನಡುವಿನ ಐದಕ್ಕೆ ಎರಡೆರಡು. ಒಟ್ಟು ಹದಿನೇಳು. C₈H₁₇Br ಅಂತ ಅವನೇ ಬರೆದ.

ಆಮೇಲೆ ಬಾಣ. ಅವನು ಅದನ್ನ ರಸ್ತೆ ಬೋರ್ಡಿನ ಥರ ಓದುತ್ತಿದ್ದ: OH ಈ ಕಡೆ ಹೋಗುತ್ತೆ, Br ಆ ಕಡೆ ಹೋಗುತ್ತೆ. ಆದರೆ ಬಾಗಿದ ಬಾಣ ತೋರಿಸೋದು ಪರಮಾಣುವಿನ ದಾರಿಯನ್ನಲ್ಲ, ಒಂದು ಜೋಡಿ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದನ್ನ. ಒಂದು ಗೆರೆ ಅಂದರೂ ಎರಡು ಎಲೆಕ್ಟ್ರಾನೇ. ಅದಕ್ಕೆ ಬಾಣದ ಮೊನೆಗಿಂತ ಮೊದಲು ಬಾಲ ನೋಡಬೇಕು. ಬಾಲ ಇರಬೇಕಾದದ್ದು ಎಲೆಕ್ಟ್ರಾನ್ ಇರೋ ಜಾಗದಲ್ಲಿ: ಒಂದೋ ಬಾಂಡ್ ಗೆರೆಯ ಮೇಲೆ, ಇಲ್ಲಾ ಪರಮಾಣುವಿನ ಪಕ್ಕದ ಜೋಡಿ ಚುಕ್ಕಿಯ ಹತ್ತಿರ.

ಆ ಪುಟದಲ್ಲಿ ಎರಡು ಬಾಣ ಇತ್ತು. ಮೊದಲನೆಯದು OH⁻ನ ಆಕ್ಸಿಜನ್ ಮೇಲಿನ ಜೋಡಿಯಿಂದ ಹೊರಟು ಕಾರ್ಬನ್‌ಗೆ ಬರುತ್ತೆ. ಅದೇ ಹೊಸ ಬಾಂಡ್. ಅಷ್ಟಕ್ಕೇ ನಿಲ್ಲಿಸಿದರೆ ಕಾರ್ಬನ್‌ಗೆ ಎಷ್ಟು ಬಾಂಡ್ ಆಗುತ್ತೆ ಎಣಿಸು ಅಂದೆ. "ಐದು... ಆಗಲ್ಲ ಅಲ್ವಾ?" ಅದಕ್ಕೇ ಎರಡನೇ ಬಾಣ. ಅದು C–Br ಗೆರೆಯ ನಡುವಿನಿಂದ ಹೊರಟು Br ಮೇಲೆ ಮುಗಿಯುತ್ತೆ. ಆ ಬಾಂಡಿನ ಎರಡೂ ಎಲೆಕ್ಟ್ರಾನ್ Br ಪಾಲಾಯ್ತು, ಹಾಗಾಗಿ ಅದು Br⁻ ಆಗಿ ಹೋಗುತ್ತೆ. ಶುರುವಲ್ಲಿ ಒಟ್ಟು ಚಾರ್ಜ್ ಮೈನಸ್ ಒಂದು, ಕೊನೆಗೂ ಮೈನಸ್ ಒಂದು. ಲೆಕ್ಕ ಸರಿಹೋಯ್ತು.

ಅರ್ಧ ಗೊಂದಲಕ್ಕೆ ಫೋಟೋನೇ ಕಾರಣ. ಆಕ್ಸಿಜನ್ ಪಕ್ಕದ ಚುಕ್ಕಿಗಳು ಮಸುಕಾಗಿ ಮಾಯವಾಗಿದ್ದವು. OH ಮೇಲಿನ ಮೈನಸ್ ಚಿಹ್ನೆಯನ್ನ ಅವನು "ಯಾವುದಕ್ಕೂ ಅಂಟದ ಬಾಂಡ್" ಅಂದುಕೊಂಡಿದ್ದ. ಎಲ್ಲಕ್ಕಿಂತ ಕಷ್ಟ ಆಗಿದ್ದು ತ್ರಿಕೋನದ ಗೆರೆಗಳು. ತುಂಬಿದ ತ್ರಿಕೋನ ಅಂದರೆ ಆ ಬಾಂಡ್ ಕಾಗದದಿಂದ ನಮ್ಮ ಕಡೆ ಬಂದಿದೆ, ಅಡ್ಡಗೀಟುಗಳ ತ್ರಿಕೋನ ಅಂದರೆ ಹಿಂದಕ್ಕೆ ಹೋಗಿದೆ ಅಂತ ಅರ್ಥ. ಫೋಟೋದಲ್ಲಿ ಅಡ್ಡಗೀಟುಗಳು ಕಲೆಸಿಹೋಗಿ ಎರಡೂ ಕಪ್ಪಗೆ ಒಂದೇ ಥರ ಕಾಣ್ತಿದ್ದವು. ಆದರೂ ಈ ರಿಯಾಕ್ಷನ್‌ನಲ್ಲಿ ಊಹೆ ಬೇಕಿಲ್ಲ. OH⁻ ಬರೋದು Br ಇರೋ ಕಡೆಗೆ ಸರಿಯಾಗಿ ಎದುರಿನಿಂದ, ಮಳೆಗಾಳಿಗೆ ಕೊಡೆ ತಿರುವುಮುರುವಾದ ಹಾಗೆ ಕಾರ್ಬನ್ ಮಗುಚಿಕೊಳ್ಳುತ್ತೆ. ಉಳಿದ ಸರಪಳಿಯನ್ನ ಹಾಗೇ ಬರೆದಿದ್ದರೆ, ಮುಂದೆ ಬಂದಿದ್ದ Br ಜಾಗದಲ್ಲಿ OH ಹಿಂದಕ್ಕೇ ಹೋಗಬೇಕು. ಹಗಲು ಬೆಳಕಲ್ಲಿ, ನೇರ ಮೇಲಿನಿಂದ, ಆ ರಿಯಾಕ್ಷನ್ ಒಂದನ್ನೇ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸು ಅಂದೆ. ಹೊಸ ಫೋಟೋದಲ್ಲಿ ಅಡ್ಡಗೀಟು ಕಾಣಿಸ್ತು.

ಕೊನೆಗೆ 2-ಕ್ಲೋರೋಬ್ಯೂಟೇನ್ ಕೊಟ್ಟು ಇದೇ ಥರ ಬರಿ ಅಂದೆ. ಬರೆದು ಕಳಿಸಿದ, ಮೊದಲ ಬಾಣ ಕಾರ್ಬನ್‌ನಿಂದ OH ಕಡೆಗೆ ಹೋಗಿತ್ತು. ನಾನು ಕೇಳಿದ್ದು ಇಷ್ಟೇ: "ಬಾಲ ಇರೋ ಕಡೆ ಏನಿದೆಯೋ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಾರ್ಬನ್ ಹತ್ರ ಕೊಡೋಕೆ ಖಾಲಿ ಜೋಡಿನೇ ಇಲ್ಲ ಅಕ್ಕಾ" ಅಂದು ಅಳಿಸಿದ.

ಆಮೇಲೆ ಅವನೇ ಕೇಳಿದ ಪ್ರಶ್ನೆ ನನಗೆ ಇಷ್ಟವಾಯ್ತು: "ಮೊದಲು OH ಬರುತ್ತಾ, ಮೊದಲು Cl ಹೋಗುತ್ತಾ?" ಎರಡೂ ಒಂದೇ ಹೆಜ್ಜೆಯಲ್ಲಿ ಆಗುತ್ತೆ. ನಮ್ಮ ಕೈಗೆ ಒಂದು ಸಲಕ್ಕೆ ಒಂದೇ ಬಾಣ ಬರೆಯೋಕೆ ಆಗೋದು, ಅಷ್ಟೇ. ಬಾಣ ಮೇಲಿನಿಂದ ಬಾಗಿದೆಯೋ ಕೆಳಗಿನಿಂದಲೋ ಅನ್ನೋದಕ್ಕೂ ಅರ್ಥ ಇಲ್ಲ. ಅದು ಎಲೆಕ್ಟ್ರಾನ್ ಲೆಕ್ಕದ ಪುಸ್ತಕ: ಯಾರು ಕೊಟ್ಟರು, ಯಾರಿಗೆ ಹೋಯ್ತು, ಅಷ್ಟನ್ನೇ ಹೇಳುತ್ತೆ.