ದಂಟು ಹಿಡಿದು ಎಳೆಯಬಾರದು

ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಮೂವರಿಗೆ ಒಂದೇ ಬಾತ್‌ರೂಮು. ಆ ಶನಿವಾರ ಬೆಳಿಗ್ಗೆ ನಾನು ಒಳಗೆ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ರೂಮ್‌ಮೇಟ್ ಎರಡು ಸಲ ಬಾಗಿಲು ತಟ್ಟಿದ್ದಳು. ಹಿಂದಿನ ರಾತ್ರಿ ಮೊದಲ ಸಲ ಹಾಕಿಕೊಂಡ ಮುಟ್ಟಿನ ಕಪ್ ಈಗ ಹೊರಗೆ ಬರುತ್ತಿರಲಿಲ್ಲ. ಆಸ್ಪತ್ರೆಗೆ ಹೋದರೆ ಡಾಕ್ಟರಿಗೆ ಮರಾಠಿಯಲ್ಲಿ ಹೇಗೆ ಹೇಳುವುದು ಎಂಬ ವಾಕ್ಯವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಕಪ್ ಕೊಂಡದ್ದು ದೊಡ್ಡ ಆದರ್ಶದಿಂದೇನಲ್ಲ. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಪ್ಯಾಡ್ ಬದಲಿಸಲು ಜಾಗವಿಲ್ಲದೆ ಒದ್ದಾಡಿ ಸಾಕಾಗಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆಚೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮದುವೆ ಆಗದವರು ಅದನ್ನೆಲ್ಲ ಹಾಕ್ಕೋಬಹುದಾ?" ಅಂದಳು. ಹಾಕಿಕೊಳ್ಳಬಹುದು. ಯೋನಿಯ ಬಾಯಲ್ಲಿರುವ ತೆಳು ಪೊರೆ ಹಿಗ್ಗಬಹುದು, ಹರಿಯಲೂಬಹುದು, ಆದರೆ ಅದರಿಂದ ಯಾರ ಬಗ್ಗೆಯೂ ಏನೂ ಸಾಬೀತಾಗುವುದಿಲ್ಲ. ಇಷ್ಟು ಹೇಳಲು ನನಗೆ ಎರಡು ಫೋನ್ ಕರೆ ಬೇಕಾದವು.

ರಾತ್ರಿ ಹಾಕಿಕೊಳ್ಳುವಾಗಲೇ ಮೊದಲ ತಪ್ಪು ಮಾಡಿದ್ದೆ. ಎಲ್ಲರೂ ಮೊದಲು ಕಲಿಯುವುದು 'ಸಿ' ಮಡಿಕೆ: ಕಪ್ಪನ್ನು ಚಪ್ಪಟೆ ಒತ್ತಿ ಎರಡಾಗಿ ಬಾಗಿಸುವುದು. ಅದರ ತುದಿ ನನಗೆ ದಪ್ಪವೆನಿಸಿತು. ಜೊತೆಗೆ ನೇರ ಮೇಲಕ್ಕೆ ತಳ್ಳುತ್ತಿದ್ದೆ. ಒಳದಾರಿ ಇರುವುದು ಹಾಗಲ್ಲ, ಅದು ಹಿಂದಕ್ಕೆ, ಬೆನ್ನುಮೂಳೆಯ ಕೊನೆಯ ಕಡೆಗೆ ಓರೆಯಾಗಿದೆ. ಅಂಚಿನ ಒಂದು ಬದಿಯನ್ನು ತೋರುಬೆರಳಿನಿಂದ ಕಪ್ಪಿನೊಳಕ್ಕೆ ಅದುಮಿ ಹಿಡಿದರೆ ತುದಿ ಮೊಗ್ಗಿನಂತೆ ಚೂಪಾಗುತ್ತದೆ. ಹೀಗೆ ಮಡಚಿ, ನೀರಿನಲ್ಲಿ ಒದ್ದೆ ಮಾಡಿ, ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಸರಿಸಿದಾಗ ಸುಮ್ಮನೆ ಒಳಗೆ ಹೋಯಿತು.

ಗೆದ್ದೆ ಅಂದುಕೊಂಡು ಮಲಗಿದರೆ ಒಂದು ಗಂಟೆಯಲ್ಲಿ ಚಡ್ಡಿಗೆ ಕಲೆ. ಕಪ್ ಇಷ್ಟು ಬೇಗ ತುಂಬಿರಲು ಸಾಧ್ಯವಿಲ್ಲ, ಅದರಲ್ಲಿ ಸುಮಾರು 25 ಎಂಎಲ್ ಹಿಡಿಯುತ್ತದೆ. ಬೆರಳು ಒಳಗೆ ಹಾಕಿ ಬುಡದ ಸುತ್ತ ಸವರಿದೆ. ಒಂದು ಕಡೆ ಗುಳಿ ಸಿಕ್ಕಿತು. ಮಡಿಕೆ ಪೂರ್ತಿ ಬಿಚ್ಚಿಕೊಂಡಿರಲಿಲ್ಲ, ಆ ಗುಳಿಯ ಪಕ್ಕದಿಂದಲೇ ಸೋರುತ್ತಿತ್ತು. ಬುಡವನ್ನು ಹಿಡಿದು ಸ್ವಲ್ಪ ಕೆಳಗೆಳೆದು ತಿರುಗಿಸಿದಾಗ ದುಂಡಗಾಯಿತು. 'ಟಪ್' ಎಂಬ ಸದ್ದಿಗೆ ಕಾಯುತ್ತಾರೆ ಕೆಲವರು, ಎಲ್ಲರಿಗೂ ಕೇಳಿಸುವುದಿಲ್ಲ. ಬೆರಳನ್ನು ನಂಬುವುದೇ ವಾಸಿ.

ಬೆಳಿಗ್ಗೆಯ ಕಥೆಗೆ ಬರೋಣ. ನಿದ್ದೆಯಲ್ಲಿ ಕಪ್ ಮೇಲಕ್ಕೆ ಸರಿದಿತ್ತು. ಅದರ ದಂಟಿನ ತುದಿಯಷ್ಟೇ ಬೆರಳಿಗೆ ತಾಗುತ್ತಿತ್ತು. ಹಿಡಿದು ಎಳೆದೆ, ಒಳಗೆ ಏನೋ ಜಗ್ಗಿದಂತಾಗಿ ನೋವಾಯಿತು. ಹೆದರಿದಷ್ಟೂ ಸ್ನಾಯು ಬಿಗಿದು ಕಪ್ ಇನ್ನೂ ಮೇಲಕ್ಕೆ. ಕೊನೆಗೆ ಒಳಗಿನಿಂದಲೇ ಆಫೀಸಿನ ಧಾರವಾಡದ ಅಕ್ಕನಿಗೆ ಫೋನು ಮಾಡಿದೆ.

"ಏ ಹುಚ್ಚಿ, ದಂಟು ಹಿಡದು ಎಳೀಬ್ಯಾಡ! ಅದು ಎಲ್ಲೂ ಕಳದು ಹೋಗಂಗಿಲ್ಲ, ಮ್ಯಾಲೆ ಗರ್ಭಕೋಶದ ಬಾಯಿ ಅಡ್ಡ ಐತಿ. ಮೊದ್ಲು ಹೊರಗ ಬಾ, ಚಾ ಕುಡಿ."

ಕುಡಿದೆ. ಹತ್ತು ನಿಮಿಷ ಅಡ್ಡಾಡಿ, ಕೈ ತೊಳೆದು ಮತ್ತೆ ಕೂತೆ. ಮಲವಿಸರ್ಜನೆಗೆ ಮುಕ್ಕುವ ಹಾಗೆ ಕೆಳಗೆ ಮುಕ್ಕಿದಾಗ ಕಪ್ಪಿನ ಬುಡವೇ ಕೈಗೆ ಸಿಕ್ಕಿತು. ಕಪ್ ಗಾಳಿಯಾಡದಂತೆ ಕಚ್ಚಿಕೊಂಡಿರುತ್ತದೆ, ಆ ಹಿಡಿತ ಬಿಡಿಸದೆ ಎಳೆದರೆ ಅದು ಗರ್ಭಕಂಠವನ್ನೇ ಜಗ್ಗುತ್ತದೆ. ಬುಡವನ್ನು ಎರಡು ಬೆರಳಲ್ಲಿ ಚಿವುಟಿದೆ. ಸಾಲಲಿಲ್ಲ. ಒಂದು ಬೆರಳನ್ನು ಪಕ್ಕದಿಂದ ಮೇಲೇರಿಸಿ ಗೋಡೆಯನ್ನು ಒಳಕ್ಕೆ ಒತ್ತಿದೆ. ಪುಸ್ ಎಂದು ಗಾಳಿ ನುಗ್ಗಿತು. ಆಚೀಚೆ ಅಲ್ಲಾಡಿಸುತ್ತ, ಬಾಯಿ ಮೇಲಾಗಿಯೇ ಇಟ್ಟುಕೊಂಡು ತೆಗೆದೆ. (ಎರಡನೆಯ ಸಲ ವಾಲಿಸಿ ನೆಲವೆಲ್ಲ ತೊಳೆಯಬೇಕಾಯಿತು.) ಹಾಕಿ 10 ಗಂಟೆಯಾಗಿತ್ತು. ಸಾಮಾನ್ಯವಾಗಿ ಹೇಳುವ ಮಿತಿ 12, ಹೆಚ್ಚು ಸ್ರಾವದ ದಿನ ಅಷ್ಟು ಕಾಯಲಾಗುವುದಿಲ್ಲ. ಕಾಪರ್-ಟಿ ಹಾಕಿಸಿಕೊಂಡ ನನ್ನ ಅತ್ತಿಗೆ ಮಾತ್ರ ಡಾಕ್ಟರನ್ನು ಕೇಳದೆ ಹಾಕಿಕೊಳ್ಳಲಿಲ್ಲ, ಜಗ್ಗಿದಾಗ ಅದೂ ಜರುಗುವ ಅಪಾಯವಿದೆ.

ತೊಳೆಯುವುದರಲ್ಲಿ ಕಷ್ಟವಿಲ್ಲ. ಮೊದಲು ತಣ್ಣೀರು, ಬಿಸಿನೀರಿಗೆ ಕಲೆ ಕೂರುತ್ತದೆ. ಆಮೇಲೆ ವಾಸನೆಯಿಲ್ಲದ ಸೋಪು. ಅಂಚಿನ ಕೆಳಗಿನ ಸಣ್ಣ ತೂತುಗಳು ಕಟ್ಟಿಕೊಂಡರೆ ಹಿಡಿತ ಬಿಡಿಸುವುದು ಕಷ್ಟ. ಕಪ್ಪಿಗೆ ನೀರು ತುಂಬಿ, ಅಂಗೈ ಮುಚ್ಚಿ ಹಿಂಡಿದರೆ ತೂತಿನಿಂದ ನೀರು ಚಿಮ್ಮಿ ಅವು ತೆರೆಯುತ್ತವೆ. ಮುಟ್ಟು ಶುರುವಾಗುವ ಮೊದಲೂ ಮುಗಿದ ಮೇಲೂ ಮುಳುಗುವಷ್ಟು ನೀರಿನಲ್ಲಿ ಐದಾರು ನಿಮಿಷ ಕುದಿಸಬೇಕು. ಒಣಗಿಸಿ ಬಟ್ಟೆಯ ಚೀಲದಲ್ಲಿಡಬೇಕು, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬಾರದು.

ಮೂರನೇ ತಿಂಗಳು ಒಲೆಯ ಮೇಲಿಟ್ಟು ಆಫೀಸಿನ ಕಾಲ್ ತೆಗೆದುಕೊಂಡೆ. ನೀರು ಆರಿ ಕಪ್ ತಳಕ್ಕೆ ಅಂಟಿ ಸುಟ್ಟುಹೋಯಿತು. ಈಗ ಅದನ್ನು ಮೊಟ್ಟೆ ಕಲಸುವ ತಂತಿಯ ಕಡ್ಡಿಯೊಳಗೆ ಸಿಕ್ಕಿಸಿ ತಳ ಮುಟ್ಟದಂತೆ ಕುದಿಸುತ್ತೇನೆ, ಫೋನಿನಲ್ಲಿ ಅಲಾರಾಂ ಇಟ್ಟು. ಪಾತ್ರೆಯ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ಕಟ್ಟುವ ಮೊದಲು ರೂಮ್‌ಮೇಟ್ ಅದರಲ್ಲಿ ಎಷ್ಟು ಸಲ ಮ್ಯಾಗಿ ಮಾಡಿದ್ದಳೋ, ನಾನು ಕೇಳಿಲ್ಲ.